ಅಳತೆ ಬರಹ ತಡವಾಗಿ ಬಂದಾಗ: ಒಂದು ಪತ್ರೊಡೆ ವಿಡಿಯೊದ ದೋಷ ಹುಡುಕಿದ ಬಗೆ

ಮಾತು ಕಡಿಮೆ, ಬರಹವೇ ಜಾಸ್ತಿ ಇರುವ ಅಡುಗೆ ವಿಡಿಯೊ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕೈ ಮಾತ್ರ ಕಾಣುತ್ತದೆ, ಒಂದೊಂದು ಸಾಮಾನು ಪಾತ್ರೆಗೆ ಬೀಳುವಾಗ ಅದರ ಅಳತೆ ತೆರೆಯ ಮೇಲೆ ಮೂಡಿ ಮಾಯವಾಗುತ್ತದೆ. ನಾನು ಮಾಡುವುದೂ ಇಂಥದ್ದೇ. ಅಡುಗೆ ನಮ್ಮ ಅತ್ತೆಯದು, ಫೋನ್ ಹಿಡಿಯುವುದು, ಬರಹ ಹಾಕುವುದು ನನ್ನ ಕೆಲಸ. ಇಂಥ ವಿಡಿಯೊದಲ್ಲಿ ಬರಹ ಹತ್ತು ಸೆಕೆಂಡು ಆಚೀಚೆ ಆದರೆ ಅದನ್ನು ಸರಿಪಡಿಸುವ ಮಾತು ಬೇರೆ ಇರುವುದಿಲ್ಲ. ನೋಡಿದವರು ಬರಹ ಹೇಳಿದ ಹಾಗೆಯೇ ಅಡುಗೆ ಮಾಡುತ್ತಾರೆ.

ದೋಷ ಮೊದಲು ಗೊತ್ತಾಗಿದ್ದು ಹೇಗೆ

ಆಟಿ ತಿಂಗಳಲ್ಲಿ ಪತ್ರೊಡೆಯ ವಿಡಿಯೊ ಮಾಡಿದೆವು. ಉಡುಪಿ ಕಡೆ ಮಳೆ ಹಿಡಿದ ಮೇಲೆ ಕೆಸುವಿನ ಎಲೆಗೆ ಬರವಿಲ್ಲ, ನಮ್ಮ ಹಿತ್ತಲಲ್ಲೇ ಬೇಕಾದಷ್ಟು. ಎಂಟು ನಿಮಿಷದ ಒಂದೇ ಶಾಟ್. ಮಧ್ಯೆ ಎಲ್ಲೂ ಕತ್ತರಿಸಲಿಲ್ಲ. ಮಿಕ್ಸಿಯ ಸದ್ದು ಕರ್ಕಶ ಅಂತ ಮೂಲ ಧ್ವನಿಯನ್ನು ಪೂರ್ತಿ ಮೌನ ಮಾಡಿ, ಕೆಳಗೆ ಮೆಲ್ಲನೆಯ ವೀಣೆಯ ದನಿ ಇಟ್ಟೆ. ಶುರುವಿನಲ್ಲಿ ನನ್ನ ಎರಡು ವಾಕ್ಯ, ಅಷ್ಟೇ.

ನಾಲ್ಕು ದಿನಕ್ಕೆ ಮುಂಬೈಯಿಂದ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ವಿಡಿಯೊ ನೋಡಿಯೇ ಮಾಡಿದ್ದು. ಸಿಹಿ ಜಾಸ್ತಿ ಆಯ್ತು, ಗಂಟಲೂ ತುರಿಸ್ತಾ ಉಂಟು. ಅಮ್ಮ ಹೀಗೆಲ್ಲ ಮಾಡುವುದಿಲ್ಲ ಅಲ್ವಾ?"

ಅತ್ತೆಗೆ ಹೇಳಿದೆ. ಅವರು ಕೈಯಲ್ಲಿದ್ದ ಕೆಲಸ ಬಿಡದೆ ಹೇಳಿದರು, "ಹುಳಿ ಕಮ್ಮಿ ಹಾಕಿದ್ದಾಳೆ, ಮತ್ತೆಂತ."

ಅವರ ಮಾತು ಸರಿ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅವುಗಳಿಂದ. ಹುಣಸೆಹುಳಿ ಧಾರಾಳವಾಗಿ ಹಾಕಿ, ಚೆನ್ನಾಗಿ ಹಬೆಯಲ್ಲಿ ಬೇಯಿಸಿದರೆ ಆ ತುರಿಕೆ ತಗ್ಗುತ್ತದೆ. ಆದರೆ ವಿಡಿಯೊದಲ್ಲಿ ಹುಳಿಗೆ ನಾನು ಬರೆದದ್ದು "ದೊಡ್ಡ ನಿಂಬೆ ಗಾತ್ರ". ಅದು ಕಮ್ಮಿ ಏನಲ್ಲ. ಹಾಗಾದರೆ ಕಮ್ಮಿ ಆಗಿದ್ದು ಹೇಗೆ?

ಇಲ್ಲಿ ಒಂದು ಮಾತು. ಅಡುಗೆ ಕೆಟ್ಟಿತು ಅಂತ ದೂರು ಬಂದಾಗ ನಾವು ಮೊದಲು ಸಂಶಯ ಪಡುವುದು ಮಾಡಿದವರ ಕೈಯನ್ನು, ಇಲ್ಲವೇ ಎಲೆಯನ್ನು. ದೂರಿನಲ್ಲಿ ಎರಡು ಲಕ್ಷಣ ಒಟ್ಟಿಗೆ ಇದ್ದರೆ ವಿಡಿಯೊವನ್ನೂ ನೋಡಬೇಕು. ಸಿಹಿ ಜಾಸ್ತಿ, ಹುಳಿ ಕಮ್ಮಿ. ಬೆಲ್ಲ ಮತ್ತು ಹುಳಿ ಮಿಕ್ಸಿ ಜಾರಿಗೆ ಒಂದರ ಹಿಂದೆ ಒಂದು ಬೀಳುವ ಸಾಮಾನುಗಳು. ಒಂದರ ಅಳತೆ ಇನ್ನೊಂದಕ್ಕೆ ಹೋಗಿರಬಹುದು ಎಂಬ ಸುಳಿವು ಅಲ್ಲೇ ಇತ್ತು.

ವಿಡಿಯೊ ತೆರೆದು ಮಿಕ್ಸಿಯ ಭಾಗಕ್ಕೆ ಹೋದೆ. ಹುಳಿ ಬೀಳುವಾಗ ತೆರೆಯ ಮೇಲೆ "1 ಕಪ್" ಅಂತ ಇತ್ತು. ಅದು ತೆಂಗಿನತುರಿಯ ಅಳತೆ. ಬೆಲ್ಲ ಬೀಳುವಾಗ "ದೊಡ್ಡ ನಿಂಬೆ ಗಾತ್ರ". ಉಪ್ಪು ಬೀಳುವಾಗ "ಗೋಲಿ ಗಾತ್ರ", ಅದು ಬೆಲ್ಲದ್ದು. ಎಲ್ಲವೂ ಒಂದೊಂದು ಮನೆ ಹಿಂದೆ ಜಾರಿತ್ತು. ಹುಣಸೆಹುಳಿ ಒಂದು ಕಪ್ ಅಂದರೆ ಯಾರೂ ನಂಬುವುದಿಲ್ಲ. ನಾದಿನಿ ಅದನ್ನು ಬಿಟ್ಟು ಅಂದಾಜಿನಲ್ಲಿ ಒಂದು ಚೂರು ಹಾಕಿದ್ದಾಳೆ. ಬೆಲ್ಲ ನಿಂಬೆ ಗಾತ್ರ ಅಂದರೆ ನಂಬುವಂತೆಯೇ ಇದೆ, ಹಾಗೇ ಹಾಕಿದ್ದಾಳೆ. ಅವಳದ್ದು ತಪ್ಪೇ ಇಲ್ಲ.

ಮೊದಲ ಪರೀಕ್ಷೆ: ತಪ್ಪು ಬರಹದ್ದೋ, ಚಿತ್ರದ್ದೋ

ಈ ಹಂತದಲ್ಲಿ ಬಹಳ ಜನ ಮಾಡುವ ಕೆಲಸ ಅಂದರೆ ಎಡಿಟಿಂಗ್‌ನಲ್ಲಿ ಬರಹಗಳನ್ನು ಹಿಡಿದು ಒಂದೊಂದಾಗಿ ಹಿಂದೆ ಎಳೆಯುವುದು. ದಯವಿಟ್ಟು ಅದನ್ನು ಈಗಲೇ ಮಾಡಬೇಡಿ. ಕಾರಣ ತಿಳಿಯದೆ ಎಳೆದರೆ ಸರಿಯಾಗಿದ್ದ ಬರಹವೂ ಕೆಡುತ್ತದೆ, ಮತ್ತೆ ಮೂಲ ದೋಷ ಎಲ್ಲಿತ್ತು ಅಂತ ಗೊತ್ತಾಗುವುದೇ ಇಲ್ಲ.

ನಾನು ಬರಹಕ್ಕೆ ಬೇರೆಯೇ ಒಂದು ಫೈಲ್ ಇಡುತ್ತೇನೆ. ಫೋನಿನಿಂದ ತೆಗೆದ ವಿಡಿಯೊವನ್ನು ಕಂಪ್ಯೂಟರ್‌ನ ಪ್ಲೇಯರ್‌ನಲ್ಲಿ ಓಡಿಸಿ, ಪ್ರತಿ ಸಾಮಾನು ಬೀಳುವ ಹೊತ್ತನ್ನು ಕಾಗದದಲ್ಲಿ ಬರೆದುಕೊಂಡು, ಆಮೇಲೆ ಎಸ್‌ಆರ್‌ಟಿ ಫೈಲಿಗೆ ಹಾಕುತ್ತೇನೆ. ಹುಳಿಯ ಸಾಲು ಹೀಗಿತ್ತು:

```
9
00:04:12,000 --> 00:04:16,000
ದೊಡ್ಡ ನಿಂಬೆ ಗಾತ್ರ
```

ಪರೀಕ್ಷೆ ಸುಲಭ. ಫೋನಿನ ಮೂಲ ವಿಡಿಯೊವನ್ನೂ ಈ ಬರಹದ ಫೈಲನ್ನೂ ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನಲ್ಲಿ ಇಡಿ, ಉದಾಹರಣೆಗೆ `patrode.mp4` ಮತ್ತು `patrode.srt`. ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ತೆರೆಯಿರಿ. ಬರಹ ತಾನಾಗಿಯೇ ಚಿತ್ರದ ಮೇಲೆ ಬರುತ್ತದೆ. ಅಲ್ಲಿಯೂ ತಪ್ಪು ಹೊತ್ತಿಗೆ ಬಂದರೆ ನೀವು ಬರೆದ ಹೊತ್ತೇ ತಪ್ಪು. ಅಲ್ಲಿ ಸರಿಯಾಗಿ ಬಂದು, ಎಡಿಟ್ ಆಗಿ ಹೊರಬಂದ ವಿಡಿಯೊದಲ್ಲಿ ಮಾತ್ರ ತಪ್ಪಿದ್ದರೆ ಬರಹದಲ್ಲಿ ದೋಷವಿಲ್ಲ, ಚಿತ್ರವೇ ಜಾಗ ಬಿಟ್ಟಿದೆ.

ನನ್ನದರಲ್ಲಿ ಮೂಲ ಫೈಲಿನ ಮೇಲೆ ಬರಹ ಚೊಕ್ಕವಾಗಿ ಕೂತಿತು. 4:12ಕ್ಕೆ ಅತ್ತೆಯ ಬೆರಳಿನಿಂದ ಹುಳಿ ಬಿದ್ದದ್ದೂ, ಅಳತೆ ಬಂದದ್ದೂ ಒಟ್ಟಿಗೆ. ಅಂದರೆ ತಪ್ಪು ನಡೆದದ್ದು ಎಡಿಟಿಂಗ್‌ನಲ್ಲಿ.

ಎರಡನೇ ಪರೀಕ್ಷೆ: ಎಷ್ಟು ತಪ್ಪಿದೆ, ಎಲ್ಲೆಲ್ಲಿ

ಇದೇ ಮುಖ್ಯ ಪರೀಕ್ಷೆ. ಇದಕ್ಕೆ ಕಾಗದ, ಪೆನ್ನು ಸಾಕು. ಹೊರಬಂದ ವಿಡಿಯೊದಲ್ಲಿ ಕಡಿಮೆಯೆಂದರೆ ಮೂರು ಜಾಗ ಆರಿಸಿ: ಶುರುವಿನಲ್ಲೊಂದು, ನಡುವಿನಲ್ಲೊಂದು, ಕೊನೆಯಲ್ಲೊಂದು. ಪ್ರತಿ ಜಾಗದಲ್ಲೂ ಸಾಮಾನು ಬೀಳುವ ಹೊತ್ತು ಬರೆಯಿರಿ, ಅದರ ಬರಹ ಬರುವ ಹೊತ್ತು ಬರೆಯಿರಿ, ವ್ಯತ್ಯಾಸ ತೆಗೆಯಿರಿ.

ವ್ಯತ್ಯಾಸ ಎಲ್ಲಾ ಕಡೆ ಒಂದೇ ಆಗಿದ್ದರೆ ಶುರುವಿನಲ್ಲಿ ಏನೋ ಸೇರಿದೆ ಅಥವಾ ಹೋಗಿದೆ. ಬರಹ ಹಾಕಿದ ಮೇಲೆ ಐದು ಸೆಕೆಂಡಿನ ಶೀರ್ಷಿಕೆ ಅಂಟಿಸಿದರೆ ಹೀಗಾಗುತ್ತದೆ, ಎಲ್ಲಾ ಬರಹವೂ ಐದು ಸೆಕೆಂಡು ಬೇಗ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಐದು ಸೆಕೆಂಡು ಮುಂದೆ ತಳ್ಳಿದರೆ ಮುಗಿಯಿತು.

ಒಂದು ಜಾಗದವರೆಗೆ ಸರಿ ಇದ್ದು, ಅಲ್ಲಿಂದ ಥಟ್ಟನೆ ತಪ್ಪಿ, ಆಮೇಲೆ ಅಷ್ಟೇ ತಪ್ಪು ಉಳಿದರೆ ಆ ಜಾಗದಲ್ಲಿ ಒಂದು ತುಂಡು ಕತ್ತರಿಸಿದ್ದೀರಿ. ಅಲ್ಲಿಂದ ಮುಂದಿನ ಬರಹಗಳನ್ನು ಮಾತ್ರ ಸರಿಸಬೇಕು.

ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಬೆಳೆಯುತ್ತಾ ಹೋದರೆ ಇಡೀ ವಿಡಿಯೊದ ಫ್ರೇಮ್ ರೇಟ್ ಒಂದು, ಎಡಿಟಿಂಗ್ ಅಂದುಕೊಂಡದ್ದು ಇನ್ನೊಂದು. ಸೆಕೆಂಡಿಗೆ 25 ಫ್ರೇಮಿನ ಎಂಟು ನಿಮಿಷದ ವಿಡಿಯೊವನ್ನು 24 ಅಂತ ಓದಿದರೆ ಕೊನೆಗೆ 20 ಸೆಕೆಂಡು ತಪ್ಪುತ್ತದೆ. 29.97ನ್ನು 30 ಅಂತ ಓದಿದರೆ ಎಂಟು ನಿಮಿಷಕ್ಕೆ ಅರ್ಧ ಸೆಕೆಂಡೂ ಇಲ್ಲ. ಅಡುಗೆ ವಿಡಿಯೊಕ್ಕೆ ಅದೊಂದು ದೊಡ್ಡ ವಿಷಯವೇ ಅಲ್ಲ.

ನನ್ನದು ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ. ಶುರುವಿನಲ್ಲಿ ಎಲೆಗಳ ಲೆಕ್ಕ 0:20ಕ್ಕೆ ಸರಿಯಾಗಿಯೇ ಬಂತು. ನೆನೆಸಿದ ಅಕ್ಕಿ 1:30ಕ್ಕೆ, ಅದೂ ಸರಿ. ನಡುವಿನ ಹುಳಿಯಲ್ಲಿ 12 ಸೆಕೆಂಡು ತಡ. ಕೊನೆಯಲ್ಲಿ ಒಗ್ಗರಣೆಯ ಸಾಸಿವೆ ಚಿತ್ರದಲ್ಲಿ 7:08ಕ್ಕೆ, ಬರಹ 7:20ಕ್ಕೆ. ಅಲ್ಲೂ 12 ಸೆಕೆಂಡೇ.

ಮೂರು ಜಾಗ ನೋಡಿದಾಗ ಇದು ನಡುವೆ ಒಂದು ತುಂಡು ಕತ್ತರಿಸಿದ ಲಕ್ಷಣದ ಹಾಗೆಯೇ ಕಾಣುತ್ತದೆ. ಆದರೆ ನಾನು ಎಲ್ಲೂ ಕತ್ತರಿ ಹಾಕಿರಲಿಲ್ಲ. ಹಾಗಾಗಿ ಸರಿ ಇದ್ದ ಕೊನೆಯ ಜಾಗ ಮತ್ತು ತಪ್ಪಿದ ಮೊದಲ ಜಾಗ, ಇವೆರಡರ ನಡುವೆ ಇನ್ನೂ ಕೆಲವು ಅಳತೆ ತೆಗೆದೆ. ಅಲ್ಲಿ ಅತ್ತೆ ಮಸಾಲೆ ಹುರಿಯುತ್ತಿದ್ದರು.

ಕೊತ್ತಂಬರಿ ಬಾಣಲೆಗೆ ಬಿದ್ದದ್ದು 2:38, ಬರಹ 2:40. ಎರಡು ಸೆಕೆಂಡು ತಡ.
ಮೆಂತೆ ಬಿದ್ದದ್ದು 2:50, ಬರಹ 2:55. ಐದು ಸೆಕೆಂಡು.
ಒಣಮೆಣಸು ಬಿದ್ದದ್ದು 3:02, ಬರಹ 3:10. ಎಂಟು ಸೆಕೆಂಡು.

ಕತ್ತರಿಸಿದ್ದರೆ ವ್ಯತ್ಯಾಸ ಒಂದೇ ಸಲ ಸೊನ್ನೆಯಿಂದ ಹನ್ನೆರಡಕ್ಕೆ ಹಾರಬೇಕಿತ್ತು. ಇಲ್ಲಿ ಮೆಲ್ಲಮೆಲ್ಲನೆ ಏರುತ್ತಿದೆ. ಬರಹದ ಹೊತ್ತಿನಲ್ಲಿ 15 ಸೆಕೆಂಡಿಗೆ ಮೂರು ಸೆಕೆಂಡು, ಅಂದರೆ ಐದಕ್ಕೆ ಒಂದು. ಇದೇ ಲೆಕ್ಕ ಹಿಡಿದು ಹಿಂದಕ್ಕೆ ಹೋದರೆ, 2:40ಕ್ಕೆ ಎರಡು ಸೆಕೆಂಡು ಇದ್ದದ್ದು 2:30ಕ್ಕೆ ಸೊನ್ನೆ ಆಗುತ್ತದೆ. ಮುಂದಕ್ಕೆ ಹೋದರೆ, 3:10ಕ್ಕೆ ಎಂಟು ಇದ್ದದ್ದು 3:30ಕ್ಕೆ ಹನ್ನೆರಡು. ಆಮೇಲೆ ಏರಿಲ್ಲ. ಅಂದರೆ 2:30ರಿಂದ 3:30ರವರೆಗೆ, ಸರಿಯಾಗಿ ಒಂದು ನಿಮಿಷ, ಏನೋ ಆಗಿದೆ.

ಮೂಲ ಫೈಲನ್ನು 2:30ಕ್ಕೆ ತೆರೆದೆ. ಅತ್ತೆಯ ಕೈಯ ಮೇಲಿದ್ದ ಟ್ಯೂಬ್‌ಲೈಟಿನ ಬೆಳಕು ಫಕ್ಕನೆ ಹೋಗುತ್ತದೆ. ಆ ದಿನ ಕರೆಂಟ್ ಹೋಗಿತ್ತು! ಮಳೆಗಾಲದಲ್ಲಿ ನಮಗೆ ಅದು ಅಭ್ಯಾಸ, ಅತ್ತೆ ಹುರಿಯುವುದನ್ನು ನಿಲ್ಲಿಸಲೇ ಇಲ್ಲ. ಕಿಟಕಿಯ ಬೆಳಕಿನಲ್ಲಿ, ಸ್ಟವ್‌ನ ಬೆಂಕಿಯಲ್ಲಿ ನಡೆಯಿತು. 3:30ಕ್ಕೆ ಬೆಳಕು ಬಂತು, ಆಮೇಲೆ ಮಿಕ್ಸಿ.

ಬೆಳಕು ಹೋದರೆ ಬರಹ ಯಾಕೆ ತಪ್ಪುತ್ತದೆ

ಫೋನಿನ ಕ್ಯಾಮೆರಾ 30 ಫ್ರೇಮಿಗೆ ಇಟ್ಟಿದ್ದರೂ ಯಾವಾಗಲೂ 30 ತೆಗೆಯುವುದಿಲ್ಲ. ಬೆಳಕು ಕಮ್ಮಿಯಾದಾಗ ಒಂದೊಂದು ಫ್ರೇಮಿಗೆ ಜಾಸ್ತಿ ಹೊತ್ತು ಬೆಳಕು ಹೀರಬೇಕಾಗುತ್ತದೆ. ಅದಕ್ಕೆ ಸೆಕೆಂಡಿಗೆ ತೆಗೆಯುವ ಫ್ರೇಮ್‌ಗಳನ್ನು ತಾನೇ ಇಳಿಸಿಕೊಳ್ಳುತ್ತದೆ, 24ಕ್ಕೋ ಇನ್ನೂ ಕೆಳಕ್ಕೋ. ಹಾಗಾಗಿ ಚಿತ್ರ ಅಷ್ಟೇನೂ ಕಪ್ಪಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಇದಕ್ಕೆ ಬದಲಾಗುವ ಫ್ರೇಮ್ ರೇಟ್ ಅನ್ನುತ್ತಾರೆ. ಫೈಲಿನಲ್ಲಿ ಪ್ರತಿ ಫ್ರೇಮಿಗೂ ಅದರ ಹೊತ್ತು ಬರೆದಿರುತ್ತದೆ. ಪ್ಲೇಯರ್ ಆ ಹೊತ್ತು ನೋಡಿ ತೋರಿಸುತ್ತದೆ, ಆದ್ದರಿಂದ ಅಲ್ಲಿ ಎಲ್ಲವೂ ಸರಿ.

ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ಆ ಹೊತ್ತನ್ನು ನೋಡುವುದಿಲ್ಲ. ಫ್ರೇಮ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಸೆಕೆಂಡಿಗೆ 30ರಂತೆ ಓಡಿಸುತ್ತವೆ. ನಮ್ಮ ಆ ಒಂದು ನಿಮಿಷದಲ್ಲಿ ಸೆಕೆಂಡಿಗೆ 24ರಂತೆ 1440 ಫ್ರೇಮ್ ಇದ್ದವು. 1440ನ್ನು 30ರಿಂದ ಭಾಗಿಸಿದರೆ 48 ಸೆಕೆಂಡು. ಅರವತ್ತು ಸೆಕೆಂಡಿನ ಹುರಿತ ನಲ್ವತ್ತೆಂಟಕ್ಕೆ ಮುಗಿಯಿತು. ಹನ್ನೆರಡು ಸೆಕೆಂಡು ಚಿತ್ರ ಮುಂದೆ ಓಡಿತು. ಬರಹ ಮಾತ್ರ ನಿಜವಾದ ಹೊತ್ತಿಗೇ ನಿಂತಿತ್ತು, ಹಾಗಾಗಿ ತಡವಾದಂತೆ ಕಂಡಿತು.

ಗೊತ್ತಾದ ಮೇಲೆ ಹೊರಬಂದ ವಿಡಿಯೊವನ್ನು ಮತ್ತೆ ನೋಡಿದೆ. ಆ ಭಾಗದಲ್ಲಿ ಅತ್ತೆಯ ಸಟ್ಟುಗ ಸ್ವಲ್ಪ ಜಾಸ್ತಿಯೇ ಚುರುಕಾಗಿ ಆಡುತ್ತಿತ್ತು. ಕಾಲು ಪಾಲು ವೇಗ ಜಾಸ್ತಿ. ಅವರ ಕೈ ಹಾಗೆ ಗಡಿಬಿಡಿ ಮಾಡುವುದಿಲ್ಲ. ಅದನ್ನು ನಾನು ಮೊದಲ ಸಲವೇ ಗಮನಿಸಬೇಕಿತ್ತು.

ಗಮನಿಸದೇ ಹೋದದ್ದಕ್ಕೆ ಕಾರಣವೂ ಉಂಟು. ಮಾತಾಡುವ ವಿಡಿಯೊ ಆಗಿದ್ದರೆ ತುಟಿಗೂ ದನಿಗೂ ಹೊಂದದೆ ಆಗಲೇ ತಿಳಿಯುತ್ತಿತ್ತು. ನಮ್ಮದರಲ್ಲಿ ಮಾತಿಲ್ಲ. ಸದ್ದನ್ನಾದರೂ ಬಿಟ್ಟಿದ್ದರೆ ಮಿಕ್ಸಿ ತಿರುಗುವುದು ಒಂದು ಹೊತ್ತು, ಅದರ ಗರ್ರ್ ಸದ್ದು ಬರುವುದು ಇನ್ನೊಂದು ಹೊತ್ತು ಆಗುತ್ತಿತ್ತು. ಅದನ್ನೂ ಮೌನ ಮಾಡಿದ್ದೆ. ಕೊನೆಯಲ್ಲಿ ಚಿತ್ರ ಮುಗಿದ ಮೇಲೂ ಧ್ವನಿಯ ಪಟ್ಟಿ 12 ಸೆಕೆಂಡು ಉದ್ದ ಉಳಿದಿತ್ತು, ಅಲ್ಲಿ ಧನ್ಯವಾದದ ಕಾರ್ಡ್ ಇಟ್ಟು ಮುಚ್ಚಿದ್ದೆ. ತಾಳೆ ನೋಡಲು ಇದ್ದ ಮೂರು ದಾರಿಯನ್ನೂ ನಾನೇ ಕಟ್ಟಿಹಾಕಿದಂತಾಗಿತ್ತು.

ಅದಕ್ಕೆ ಮಾತು ಕಡಿಮೆ ಇರುವ ವಿಡಿಯೊದಲ್ಲಿ ಒಗ್ಗರಣೆಯನ್ನು ತಾಳೆ ನೋಡುವ ಜಾಗ ಮಾಡಿಕೊಳ್ಳಿ. ಸಂಗೀತ ನಿಲ್ಲಿಸಿ, ಮೂಲ ಧ್ವನಿ ತೆರೆದು, ಸಾಸಿವೆ ಸಿಡಿಯುವ ಜಾಗ ನೋಡಿ. ಕಾಳು ಹಾರುವುದೂ ಚಟ್ ಅನ್ನುವುದೂ ಒಂದೇ ಕ್ಷಣದಲ್ಲಿ ಆಗಬೇಕು. ಒಗ್ಗರಣೆ ಸಾಮಾನ್ಯವಾಗಿ ಕೊನೆಗೇ ಬರುವುದರಿಂದ, ಮೊದಲು ಎಲ್ಲೇ ತಪ್ಪಿದ್ದರೂ ಅಷ್ಟೂ ತಪ್ಪು ಅಲ್ಲಿ ಕಾಣುತ್ತದೆ.

ಮೂರನೇ ಪರೀಕ್ಷೆ: ಫೈಲನ್ನೇ ಕೇಳುವುದು

ಇಷ್ಟಾದ ಮೇಲೂ ಇದು ಊಹೆಯೇ. ಖಚಿತ ಮಾಡಿಕೊಳ್ಳಲು ಫೈಲಿನ ಒಳಗೆ ಏನು ಬರೆದಿದೆ ನೋಡಬೇಕು. ಕಮಾಂಡ್ ಬರೆದು ವಿಡಿಯೊ ಫೈಲ್ ತಿರುಗಿಸುವ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಅದರ ಜೊತೆಗೇ ಬರುವ `ffprobe` ಇದನ್ನು ಹೇಳುತ್ತದೆ:

```
ffprobe -v error -select_streams v:0 -show_entries stream=r_frame_rate,avg_frame_rate -of default=nw=1 patrode.mp4
```

ನನಗೆ ಸಿಕ್ಕ ಉತ್ತರ:

```
r_frame_rate=30/1
avg_frame_rate=117/4
```

ಮೇಲಿನದು ಫೈಲ್ ಹೇಳಿಕೊಳ್ಳುವ ವೇಗ, 30. ಕೆಳಗಿನದು ನಿಜವಾದ ಸರಾಸರಿ, 117 ಭಾಗಿಸು 4, ಅಂದರೆ 29.25. ಎರಡೂ ಒಂದೇ ಆಗಿದ್ದರೆ ನಮ್ಮ ಊಹೆ ಬಿದ್ದುಹೋಗುತ್ತಿತ್ತು. ಈ ಸರಾಸರಿ ಎಷ್ಟು ತಾಳೆ ಆಗುತ್ತದೆ ನೋಡಿ. ವಿಡಿಯೊ 480 ಸೆಕೆಂಡು. ಅದರಲ್ಲಿ 420 ಸೆಕೆಂಡು 30ರಂತೆ, 60 ಸೆಕೆಂಡು 24ರಂತೆ, ಒಟ್ಟು 14,040 ಫ್ರೇಮ್. 480ರಿಂದ ಭಾಗಿಸಿದರೆ 29.25. ಪೆನ್ನು ಕಾಗದದಲ್ಲಿ ಹುಡುಕಿದ್ದೂ ಫೈಲ್ ಹೇಳಿದ್ದೂ ಕೂಡಿಬಂತು.

ಸರಾಸರಿ 30ಕ್ಕೆ ತೀರಾ ಹತ್ತಿರ ಇದೆ, ಇದರಲ್ಲೇನಿದೆ ಅಂತ ಬಿಟ್ಟುಬಿಡಬೇಡಿ. ಮುಕ್ಕಾಲು ಫ್ರೇಮಿನ ವ್ಯತ್ಯಾಸ ಎಂಟು ನಿಮಿಷದಲ್ಲಿ ಹನ್ನೆರಡು ಸೆಕೆಂಡು ಆಯಿತು. ಆದರೆ 29.98, 29.99 ಎಂಬ ಹಾಗೆ ಬಂದರೆ ಹೆದರುವುದೂ ಬೇಡ, ಬಹುತೇಕ ಫೋನ್ ಫೈಲ್‌ಗಳು ಹಾಗೇ ಇರುತ್ತವೆ.

ಕಮಾಂಡ್ ಬರೆಯುವುದು ಬೇಡ ಅನಿಸಿದರೆ ಮೀಡಿಯಾಇನ್ಫೊದಲ್ಲಿ ಫೈಲ್ ತೆರೆಯಿರಿ. `Frame rate mode` ಎದುರಿಗೆ `Variable` ಅಂತ ಇದ್ದರೆ ಇದೇ ಜಾತಿ.

ಸರಿಪಡಿಸುವುದು

ಬರಹ ಮುಟ್ಟಬೇಡಿ. ಚಿತ್ರವನ್ನು ಸರಿ ಮಾಡಿ. ಎಡಿಟಿಂಗ್‌ಗೆ ಹಾಕುವ ಮೊದಲೇ ಫೋನಿನ ಫೈಲನ್ನು ಸ್ಥಿರ ಫ್ರೇಮ್ ರೇಟಿಗೆ ತಿರುಗಿಸಬೇಕು:

```
ffmpeg -i patrode.mp4 -fps_mode cfr -r 30 -c:v libx264 -crf 18 -c:a copy patrode_30.mp4
```

ಎಫ್‌ಎಫ್‌ಎಂಪೆಗ್ ಹಳೆಯದಾಗಿದ್ದು `-fps_mode` ಗೊತ್ತಿಲ್ಲ ಅಂದರೆ ಅದರ ಜಾಗದಲ್ಲಿ `-vsync cfr` ಹಾಕಿ. ಇದು ಮಾಡುವ ಕೆಲಸ ಇಷ್ಟೇ: ಕರೆಂಟ್ ಹೋದ ಆ ನಿಮಿಷದಲ್ಲಿ ಇದ್ದ ಫ್ರೇಮ್‌ಗಳಲ್ಲಿ ಕೆಲವನ್ನು ಎರಡೆರಡು ಸಲ ಇಟ್ಟು 1440ನ್ನು 1800 ಮಾಡುತ್ತದೆ. ಸೇರಿದ್ದು 360 ಫ್ರೇಮ್. 30ರಿಂದ ಭಾಗಿಸಿದರೆ ನಮ್ಮ ಹನ್ನೆರಡು ಸೆಕೆಂಡು ವಾಪಸ್ ಬಂತು. ಆ ಭಾಗದಲ್ಲಿ ಸಟ್ಟುಗದ ಚಲನೆ ಒಂದು ಚೂರು ತಡೆದು ತಡೆದು ಹೋದಂತೆ ಕಾಣಬಹುದು, ಹುಡುಕಿ ನೋಡಿದರೆ ಮಾತ್ರ. `-crf 18` ಇಟ್ಟರೆ ಚಿತ್ರದ ಗುಣ ಕಣ್ಣಿಗೆ ಕಾಣುವಷ್ಟು ಕೆಡುವುದಿಲ್ಲ. ಫೈಲ್ ಮಾತ್ರ ದೊಡ್ಡದಾಗಬಹುದು.

ಆಮೇಲೆ ಎಡಿಟಿಂಗ್ ಪ್ರಾಜೆಕ್ಟಿನಲ್ಲಿ ಹಳೆಯ ಫೈಲಿನ ಜಾಗಕ್ಕೆ ಹೊಸದನ್ನು ಇಡಿ. ಬರಹ ಇದ್ದಲ್ಲೇ ಇರಲಿ.

ಒಂದು ಎಚ್ಚರಿಕೆ. ಈ ಪರಿಹಾರ ಸರಿಯಾಗುವುದು ನೀವು ಪ್ಲೇಯರ್‌ನಲ್ಲಿ ಹೊತ್ತು ನೋಡಿ ಬರಹ ಹಾಕಿದ್ದರೆ ಮಾತ್ರ. ಎಡಿಟಿಂಗ್ ಒಳಗೇ ಕಣ್ಣಳತೆಯಲ್ಲಿ, ಓಡುತ್ತಿರುವ ಚಿತ್ರಕ್ಕೆ ಹೊಂದಿಸಿ ಬರಹ ಇಟ್ಟಿದ್ದರೆ ಅವು ತಪ್ಪು ಚಿತ್ರಕ್ಕೇ ಹೊಂದಿಕೊಂಡಿರುತ್ತವೆ. ಆಗ ಚಿತ್ರ ಸರಿ ಮಾಡಿದ ಮೇಲೆ ಬರಹ ಹನ್ನೆರಡು ಸೆಕೆಂಡು ಬೇಗ ಬರುತ್ತದೆ. ನಡುವೆ ಏನಾದರೂ ಬರಹ ಎಳೆದು ಸರಿ ಮಾಡಿದ್ದರೂ ಅಷ್ಟೇ. ಮೊದಲೇ ಎಳೆಯಬೇಡಿ ಅಂತ ಹೇಳಿದ್ದು ಇದಕ್ಕೆ.

ಮುಂದೆ ಹೀಗಾಗದಂತೆ, ಸ್ಟವ್ ಪಕ್ಕ ಚಾರ್ಜಿನ ದೀಪವೊಂದನ್ನು ಉರಿಸಿಯೇ ಇಡುತ್ತೇನೆ. ಕರೆಂಟ್ ಹೋದರೂ ಬೆಳಕು ತೀರಾ ಬೀಳುವುದಿಲ್ಲ. ಕೆಲವು ಫೋನ್‌ಗಳ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ `Auto FPS` ಅಂತ ಇರುತ್ತದೆ, ಅದನ್ನು ಆಫ್ ಮಾಡಬಹುದು. ಆಗ ಕತ್ತಲಲ್ಲಿ ಚಿತ್ರ ಕಪ್ಪಾಗುತ್ತದೆ, ಆದರೆ ವೇಗ ಇಳಿಯುವುದಿಲ್ಲ. ಎರಡನ್ನೂ ಮಾಡಿದರೂ ಫೈಲನ್ನು ತಿರುಗಿಸುವ ಹಂತ ನಾನು ಬಿಡುವುದಿಲ್ಲ.

ಬರಹದಲ್ಲೇ ಇದ್ದ ಇನ್ನೊಂದು ತಪ್ಪು

ಹನ್ನೆರಡು ಸೆಕೆಂಡು ತಡವಾಗಿದ್ದು ಫೋನಿನಿಂದ, ಎಡಿಟಿಂಗ್‌ನಿಂದ. ಆದರೆ ಆ ತಡ ನಾದಿನಿಯ ಗಂಟಲಿಗೆ ಹೋಗಿ ಮುಟ್ಟಿದ್ದು ನನ್ನಿಂದ. ನಾನು ಅಳತೆ ಮಾತ್ರ ಬರೆದಿದ್ದೆ, ಸಾಮಾನಿನ ಹೆಸರು ಬರೆದಿರಲಿಲ್ಲ. ಹುಳಿ ಕಣ್ಣೆದುರೇ ಬೀಳುತ್ತಿದೆ, ಮತ್ತೆ ಹುಳಿ ಅಂತ ಯಾಕೆ ಬರೆಯಬೇಕು, ತೆರೆ ಚೊಕ್ಕವಾಗಿರಲಿ ಅಂತ ಅಂದುಕೊಂಡಿದ್ದೆ. ಹೆಸರಿಲ್ಲದ ಅಳತೆ ಜಾರಿದರೆ ಬೇರೆ ಸಾಮಾನಿಗೆ ಹೋಗಿ ಅಂಟಿಕೊಳ್ಳುತ್ತದೆ. ಹೆಸರಿದ್ದರೆ ಜಾರಿದರೂ ತನ್ನ ಸಾಮಾನನ್ನು ಬಿಡುವುದಿಲ್ಲ. ಬೆಲ್ಲ ಬೀಳುವಾಗ "ಹುಣಸೆಹುಳಿ: ದೊಡ್ಡ ನಿಂಬೆ ಗಾತ್ರ" ಅಂತ ಬಂದಿದ್ದರೆ ನಾದಿನಿ "ಇದೇನೋ ತಪ್ಪಿದೆ" ಅಂತ ನನಗೆ ಆಗಲೇ ಫೋನ್ ಮಾಡುತ್ತಿದ್ದಳು.

ಈಗ ಹುಳಿಯ ಸಾಲು ಹೀಗಿದೆ:

```
9
00:04:11,000 --> 00:04:17,000
ಹುಣಸೆಹುಳಿ: ದೊಡ್ಡ ನಿಂಬೆ ಗಾತ್ರ (35 ಗ್ರಾಂ)
```

ಹೊತ್ತೂ ಸ್ವಲ್ಪ ಬದಲಾಗಿದೆ. ಸಾಮಾನು ಬೀಳುವ ಒಂದು ಸೆಕೆಂಡು ಮೊದಲೇ ಬರಹ ಬರುತ್ತದೆ. ನೋಡುವವರ ಕಣ್ಣು ಮೊದಲು ಕೈ ಕಡೆ ಹೋಗುತ್ತದೆ, ಬರಹದ ಕಡೆ ಆಮೇಲೆ. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದಕ್ಕೆ ನಾನು ಆ ಸಾಲನ್ನು ನಿಧಾನವಾಗಿ ಎರಡು ಸಲ ಬಾಯಿಬಿಟ್ಟು ಓದುತ್ತೇನೆ. ಅಷ್ಟು ಹೊತ್ತು ಇಡುತ್ತೇನೆ. ಹುಳಿಯ ಸಾಲಿಗೆ ಆರು ಸೆಕೆಂಡು ಬೇಕಾಯಿತು, ಮೊದಲು ನಾಲ್ಕೇ ಇತ್ತು.

35 ಗ್ರಾಂ ಅನ್ನುವುದು ಅತ್ತೆ ಉಂಡೆ ಕಟ್ಟಿಕೊಟ್ಟದ್ದನ್ನು ನಮ್ಮ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದು. "ಇದಕ್ಕೂ ತಕ್ಕಡಿ ಎಂತಕ್ಕೆ?" ಅಂತ ಕೇಳಿದರು. ಅವರ ನಿಂಬೆ ಮತ್ತು ಮುಂಬೈಯ ನಿಂಬೆ ಒಂದೇ ಅಲ್ಲವಲ್ಲ ಅಂದೆ. ಅಕ್ಕಿಗೆ ಬರೆದಿದ್ದ "2 ಕುಡ್ತೆ"ಯನ್ನೂ ತೂಗಿ ಗ್ರಾಂ ಸೇರಿಸಿದೆ. ನಮ್ಮ ಮನೆಯ ಕುಡ್ತೆಗೂ ಪಕ್ಕದ ಮನೆಯ ಕುಡ್ತೆಗೂ ವ್ಯತ್ಯಾಸ ಇರುತ್ತದೆ. ಹೊರಗಿನವರಿಗೆ ಕುಡ್ತೆ ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ.

ಮಾತಿನ ವಿಷಯದಲ್ಲೂ ಒಂದು ಬದಲಾವಣೆ ಮಾಡಿದೆ. ವಿಡಿಯೊ ಮೊದಲಿನಂತೆಯೇ ಮೌನವಾಗಿದೆ, ಆದರೆ ಹುಳಿ ಬೀಳುವ ಜಾಗದಲ್ಲಿ ಮಾತ್ರ ಅತ್ತೆಯ ದನಿ ಕೇಳುತ್ತದೆ: "ಹುಳಿ ಕಮ್ಮಿ ಮಾಡಬೇಡಿ, ಗಂಟಲು ತುರಿಸ್ತದೆ." ಬರಹ ಕಣ್ಣು ತಪ್ಪಿದರೂ ಇದು ಕಿವಿಗೆ ಬೀಳುತ್ತದೆ. ಎಲ್ಲಾ ಸಾಮಾನಿಗೂ ಮಾತು ಬೇಕಿಲ್ಲ. ಕೊತ್ತಂಬರಿ ಅರ್ಧ ಚಮಚ ಹೆಚ್ಚು ಕಡಿಮೆ ಆದರೆ ಪತ್ರೊಡೆ ಕೆಡುವುದಿಲ್ಲ. ತಪ್ಪಿದರೆ ತಿನ್ನುವವರಿಗೆ ತೊಂದರೆ ಆಗುವ ಸಾಮಾನು ಯಾವುದೋ ಅದಕ್ಕೆ ಮಾತ್ರ ಮಾತು.

ಹೊರಗೆ ಬಿಡುವ ಮೊದಲು

ಬರಹ ಚಿತ್ರದೊಳಗೇ ಅಚ್ಚಾಗಿ ಹೋದ ಮೇಲೆ ತಿದ್ದಲು ಬರುವುದಿಲ್ಲ. ಹಾಗಾಗಿ ಹೊರಬಂದ ಫೈಲನ್ನೇ ನೋಡಬೇಕು, ಎಡಿಟಿಂಗ್ ಒಳಗಿನ ಪ್ರಿವ್ಯೂ ಸಾಲದು. ಹೊಸ ಪತ್ರೊಡೆ ವಿಡಿಯೊದಲ್ಲಿ ಎಲೆಗಳ ಲೆಕ್ಕ, ಒಣಮೆಣಸು, ಹುಳಿ, ಒಗ್ಗರಣೆಯ ಸಾಸಿವೆ, ಈ ನಾಲ್ಕು ಜಾಗ ನೋಡಿದೆ. ನಾಲ್ಕರಲ್ಲೂ ಬರಹ ಒಂದು ಸೆಕೆಂಡು ಮೊದಲು ಬಂತು, ಇಟ್ಟದ್ದು ಹಾಗೇ. ವೀಣೆ ನಿಲ್ಲಿಸಿ ಮೂಲ ಧ್ವನಿ ತೆರೆದಾಗ 7:20ಕ್ಕೆ ಮೊದಲ ಕಾಳು ಹಾರಿತು, ಅದೇ ಕ್ಷಣಕ್ಕೆ ಚಟ್ ಅಂತು. ಹಳೆಯ ವಿಡಿಯೊ ತೆಗೆದುಹಾಕಿ ಇದನ್ನು ಹಾಕಿದೆ, ನಾದಿನಿಗೆ ಫೋನ್ ಮಾಡಿ ಹುಳಿಯ ಅಳತೆಯನ್ನು ಬಾಯಲ್ಲೇ ಹೇಳಿದೆ.